ಸ್ಟಾರ್ಟ್ ಬಟನ್ ಒತ್ತಿದಾಗ ಸ್ಟೇರಿಂಗ್ ಲಾಕ್ ಬಿಡದಿದ್ದರೆ

ಬಟನ್ ಒತ್ತಿದರೆ ಇಂಜಿನ್ ತಿರುಗಲ್ಲ, ಮೀಟರ್ ಮೇಲೆ ಸ್ಟೇರಿಂಗ್ ಲಾಕ್ ಅಂತ ಮೆಸೇಜ್ ಬರುತ್ತೆ ಎಂದು ಫೋನ್ ಬಂದಾಗ ನಾನು ಮೊದಲು ಕೇಳುವುದು ಶಬ್ದದ ವಿಷಯ. ಬಟನ್ ಒತ್ತಿದ ಕೂಡಲೇ ಸ್ಟೇರಿಂಗ್ ಕೆಳಗೆ, ಮೊಣಕಾಲಿನ ನೇರಕ್ಕೆ, ಏನಾದರೂ ಕೇಳಿಸಿತೇ? ರೇಡಿಯೋ, ಫ್ಯಾನ್ ಎಲ್ಲ ಬಂದ್ ಮಾಡಿ, ಗ್ಲಾಸ್ ಏರಿಸಿ ಇನ್ನೊಂದು ಸಲ ಒತ್ತಿ ಕೇಳಿಸಿಕೊಳ್ಳಿ ಅನ್ನುತ್ತೇನೆ. ಮುಂದೆ ಏನು ಮಾಡಬೇಕು ಅನ್ನುವುದು ಆ ಶಬ್ದದ ಮೇಲೆ ನಿಂತಿದೆ.

ಪುಶ್ ಸ್ಟಾರ್ಟ್ ಗಾಡಿಯಲ್ಲಿ ಕೀ ತಿರುಗಿಸುವುದಿಲ್ಲವಾದ್ದರಿಂದ ಸ್ಟೇರಿಂಗ್ ಲಾಕನ್ನು ಒಂದು ಸಣ್ಣ ಮೋಟರ್ ಹಾಕಿ ತೆಗೆಯುತ್ತದೆ. ಸ್ಟೇರಿಂಗ್ ದಂಡದ ಸುತ್ತ ಹಲ್ಲುಗಳಿರುವ ಒಂದು ಬಳೆ ಇರುತ್ತದೆ. ಆ ಹಲ್ಲುಗಳ ಸಂದಿಗೆ ದಪ್ಪನೆಯ ಉಕ್ಕಿನ ಪಿನ್ ಬಂದು ಕೂತರೆ ಅದೇ ಲಾಕ್. ಬಟನ್ ಒತ್ತಿದಾಗ ಮೋಟರ್ ಪಿನ್ನನ್ನು ಹಿಂದಕ್ಕೆ ಎಳೆಯುತ್ತದೆ, ಒಳಗಿರುವ ಸ್ವಿಚ್ ಅಥವಾ ಸೆನ್ಸರ್ 'ಪಿನ್ ಹೊರಬಂತು' ಎಂದು ಕಂಪ್ಯೂಟರಿಗೆ ಹೇಳುತ್ತದೆ. ಆ ಮಾತು ಬರುವವರೆಗೂ ಇಂಜಿನ್ ಸ್ಟಾರ್ಟ್ ಮಾಡಲು ಗಾಡಿ ಬಿಡುವುದಿಲ್ಲ. ಓಡುವಾಗ ಸ್ಟೇರಿಂಗ್ ಬಿಗಿದರೆ ಪ್ರಾಣಕ್ಕೇ ಅಪಾಯ, ಹಾಗಾಗಿ ಈ ಕಟ್ಟುನಿಟ್ಟು ಸರಿಯೇ.

ಟಕ್ ಅಥವಾ ಜುಂಯ್ ಎಂದು ಮೋಟರ್ ಒದ್ದಾಡುವ ಶಬ್ದ ಬಂದು ಆಮೇಲೆ ಮೆಸೇಜ್ ಬಂದರೆ ಹೆಚ್ಚಿನ ಸಲ ಏನೂ ಕೆಟ್ಟಿರುವುದಿಲ್ಲ. ಪಿನ್ ಹಲ್ಲಿಗೆ ಬಿಗಿಯಾಗಿ ಒತ್ತಿಕೊಂಡಿರುತ್ತದೆ, ಅಷ್ಟೇ. ಬಾಗಿಲನ್ನು ಯಾರೋ ಹೊರಗಿನಿಂದ ತಳ್ಳಿ ಹಿಡಿದಿದ್ದರೆ ಚಿಲಕ ಸರಿಯುವುದಿಲ್ಲವಲ್ಲ, ಹಾಗೆ. ತಳ್ಳುತ್ತಿರುವುದು ಮುಂದಿನ ಟೈರು. ಚಕ್ರ ತಿರುಗಿಸಿ ನಿಲ್ಲಿಸಿದಾಗ ರಬ್ಬರ್ ತಿರುಚಿಕೊಂಡು ನೆಲಕ್ಕೆ ಹಿಡಿದಿರುತ್ತದೆ, ಆ ಬಲ ಪೂರ್ತಿ ಸ್ಟೇರಿಂಗ್ ದಂಡದ ಮೇಲೆ ಬಂದು ಪಿನ್ನಿಗೆ ತಗುಲುತ್ತದೆ.

ಚಾಮುಂಡಿ ಬೆಟ್ಟದ ದಾರಿಯಂಥ ಇಳಿಜಾರಲ್ಲಿ ನಿಲ್ಲಿಸಿದ ಗಾಡಿಗಳಿಗೆ ಇದು ಹೆಚ್ಚು. ಒಂದು ಆಟೋಮ್ಯಾಟಿಕ್ ಗಾಡಿಯನ್ನೇ ತೆಗೆದುಕೊಳ್ಳೋಣ. ಮುಖ ಇಳಿಜಾರಿನ ಕಡೆಗಿದೆ, ಎಡ ಮುಂದಿನ ಚಕ್ರವನ್ನು ರಸ್ತೆ ಅಂಚಿನ ಕಲ್ಲಿಗೆ ತಗುಲಿಸಿ ನಿಲ್ಲಿಸಿದ್ದಾರೆ. ಹಾಗೆ ನಿಲ್ಲಿಸುವುದು ಸರಿಯಾದ ಕ್ರಮವೇ, ಆದರೆ ಗಾಡಿಯ ಭಾರ ಚಕ್ರದ ಮೂಲಕ ಪಿನ್ನಿನ ಮೇಲೆ ಕೂತಿದೆ. ಬಟನ್ ಒತ್ತಿದರೆ ಮೋಟರ್ ಎಳೆಯುತ್ತದೆ, ಸೋಲುತ್ತದೆ, ಮೆಸೇಜ್ ಬರುತ್ತದೆ. ಕೆಲವು ಗಾಡಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾ ಸ್ಟಾರ್ಟ್ ಬಟನ್ ಒತ್ತಿ ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತದೆ, ಕೆಲವದರಲ್ಲಿ ಬಟನ್ನಿನ ಹಸಿರು ದೀಪ ಬೇಗಬೇಗ ಮಿನುಗುತ್ತದೆ.

ಇಲ್ಲಿ ಜನ ಮಾಡುವುದು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಜೋರಾಗಿ ಜಗ್ಗುವುದು. ಅದರಿಂದ ಪಿನ್ ಒಮ್ಮೆ ಈ ಹಲ್ಲಿಗೆ, ಒಮ್ಮೆ ಆ ಹಲ್ಲಿಗೆ ಒತ್ತಿಕೊಳ್ಳುತ್ತದೆ. ಬದಲಿಗೆ ಮೊದಲು ಬಟನ್ ಮುಟ್ಟದೆ ಸ್ಟೇರಿಂಗನ್ನು ಎರಡೂ ಕಡೆಗೆ ನಿಧಾನಕ್ಕೆ ಅದುಮಿ ನೋಡಿ. ಒಂದು ಕಡೆಗೆ ಕಲ್ಲಿನಂತೆ ಗಟ್ಟಿ ಇರುತ್ತದೆ. ಇನ್ನೊಂದು ಕಡೆಗೆ ಬಲ ಹಾಕಿದರೆ ಒಂದೆರಡು ಬೆರಳಿನಷ್ಟು ಸ್ಪ್ರಿಂಗಿನ ಹಾಗೆ ಬಿಟ್ಟುಕೊಟ್ಟು, ಕೈ ಸಡಿಲಿಸಿದರೆ ವಾಪಸ್ ಹೋಗುತ್ತದೆ. ಆ ಬಿಟ್ಟುಕೊಡುವ ಕಡೆಗೇ ತಿರುಗಿಸಬೇಕು. ಕೊನೆಯವರೆಗೆ ಹೋಗಿ ಢಕ್ಕೆಂದು ತಗುಲುವಷ್ಟು ಬೇಡ. ಮಧ್ಯದಲ್ಲಿ ಹಿಡಿದು ನಿಲ್ಲಿಸಿ, ಹಿಡಿದಿರುವಾಗಲೇ ಬ್ರೇಕ್ ತುಳಿದು ಬಟನ್ ಒತ್ತಬೇಕು. ಮೋಟರ್ ಪ್ರಯತ್ನ ಪಡುವುದು ಬಟನ್ ಒತ್ತಿದ ಗಳಿಗೆಯಲ್ಲಿ ಮಾತ್ರ, ಆದ್ದರಿಂದ ಒತ್ತಿದ ಮೇಲೆ ತಿರುಗಿಸಿದರೆ ಪ್ರಯೋಜನವಿಲ್ಲ. ಇಂಜಿನ್ ಇಲ್ಲದೆ ಪವರ್ ಸ್ಟೇರಿಂಗ್ ಕೆಲಸ ಮಾಡದ ಕಾರಣ ಒಂದು ಕೈಯಲ್ಲಿ ಹಿಡಿಯುವುದು ಕಷ್ಟ. ಎರಡೂ ಕೈಯಲ್ಲಿ ಹಿಡಿದು, ಪಕ್ಕದ ಸೀಟಿನವರಿಗೆ "ಈಗ ಒತ್ತಿ" ಅಂದರೆ ಬೇಗ ಆಗುತ್ತದೆ.

ಆಗಲಿಲ್ಲವೆಂದರೆ ಮೇಲಿಂದ ಮೇಲೆ ಒತ್ತಬೇಡಿ. ಸುಟ್ಟುಹೋಗದಿರಲೆಂದು ಮೋಟರ್ ತಾನೇ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸುವ ವ್ಯವಸ್ಥೆ ಕೆಲವು ಗಾಡಿಗಳಲ್ಲಿದೆ. ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಸಮತಟ್ಟು ಜಾಗವಾದರೆ, ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು ಮುಂದಿನ ಒಂದು ಚಕ್ರವನ್ನು ನೆಲ ಬಿಡುವಷ್ಟು ಜಾಕಿ ಹಾಕಿದರೆ ಟೈರಿನ ತಿರುಚು ಬಿಡುತ್ತದೆ. ಇಳಿಜಾರಲ್ಲಿ ಜಾಕಿಯ ಯೋಚನೆಯೇ ಬೇಡ, ಹ್ಯಾಂಡ್ ಬ್ರೇಕನ್ನೂ ಸಡಿಲಿಸಬೇಡಿ.

ಅಂಥ ಕಡೆ ನಿಲ್ಲಿಸುವಾಗಲೇ ಇದನ್ನು ತಪ್ಪಿಸಬಹುದು. ಗಾಡಿ ಕಲ್ಲಿಗೆ ಒರಗಿ ಹ್ಯಾಂಡ್ ಬ್ರೇಕ್ ಮೇಲೆ ಪೂರ್ತಿ ಕೂರಲಿ. ಇಂಜಿನ್ ಆಫ್ ಮಾಡುವ ಮೊದಲು ಸ್ಟೇರಿಂಗನ್ನು ಸ್ವಲ್ಪ ಹಿಂದಕ್ಕೆ ಸಡಿಲಿಸಿ, ಕೈ ಬಿಡಿ. ಹಲವು ಗಾಡಿಗಳಲ್ಲಿ ಲಾಕ್ ಬೀಳುವುದು ಆಫ್ ಆದ ಮೇಲೆ ಡ್ರೈವರ್ ಬಾಗಿಲು ತೆರೆದಾಗ. ಅಷ್ಟರೊಳಗೆ ಸ್ಟೇರಿಂಗ್ ತನ್ನ ಪಾಡಿಗೆ ತಾನು ನಿಂತಿದ್ದರೆ ಬೆಳಿಗ್ಗೆ ಪಿನ್ ಸಲೀಸಾಗಿ ಬರುತ್ತದೆ.

ಶಬ್ದ ಕ್ಷೀಣವಾಗಿದ್ದರೆ ನನ್ನ ಅನುಮಾನ ಬ್ಯಾಟರಿಯ ಮೇಲೆ. ಒಳಗಿನ ಲೈಟು ಉರಿಯುತ್ತೆ, ಹಾರ್ನ್ ಬರುತ್ತೆ, ಬ್ಯಾಟರಿ ಸರಿ ಇದೆ ಸಾರ್ ಅನ್ನುತ್ತಾರೆ. ಅದು ಸಾಕ್ಷಿಯಲ್ಲ. ವೋಲ್ಟ್ ಮೀಟರ್ ಇಟ್ಟು ನೋಡಿದರೆ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಅಂದರೆ ಅರ್ಧ, 12ರ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಬಟನ್ ಒತ್ತಿದಾಗ ಇಂಜಿನ್ ತಿರುಗದೆಯೇ 11ರ ಕೆಳಕ್ಕೆ ಕುಸಿದರೆ ಲಾಕಿಗೆ ಕೈ ಹಾಕುವುದೇ ಬೇಡ. ಟರ್ಮಿನಲ್ ಮೇಲಿನ ಬಿಳಿ ಹಸಿರು ಪುಡಿ ಉಜ್ಜಿ, ಬಿಗಿ ಮಾಡಿ, ಜಂಪರ್ ಕೇಬಲ್ ಕೊಟ್ಟು ಐದು ನಿಮಿಷ ಬಿಟ್ಟು ಒತ್ತಿ.

ಬ್ಯಾಟರಿ ಚೆನ್ನಾಗಿದ್ದು ಶಬ್ದವೇ ಇಲ್ಲದಿದ್ದರೆ ಫ್ಯೂಸ್ ನೋಡಬೇಕು. ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಅಥವಾ ಮ್ಯಾನ್ಯುಯಲ್‌ನಲ್ಲಿ ಸ್ಟೇರಿಂಗ್ ಲಾಕಿನದು ಯಾವುದು ಎಂದು ಬರೆದಿರುತ್ತದೆ. ಸುಟ್ಟಿದ್ದರೆ ಅದೇ ಆಂಪಿಯರಿನದು ಹಾಕಿ, ದೊಡ್ಡದು ಬೇಡ. ಫ್ಯೂಸೂ ಸರಿ ಇದ್ದರೆ ಉಳಿಯುವ ಒಂದು ಉಪಾಯವೆಂದರೆ, ಸ್ಟೇರಿಂಗ್ ದಂಡಕ್ಕೆ ಅಂಟಿಕೊಂಡಿರುವ ಲಾಕಿನ ಡಬ್ಬಿಯನ್ನು ಸ್ಕ್ರೂ ಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಬಟನ್ ಒತ್ತುವುದು. ಮೋಟರಿನ ಬ್ರಷ್ ಸವೆದು ಒಂದೇ ಕಡೆ ನಿಂತುಬಿಟ್ಟಿದ್ದರೆ ಆ ಅದುರಿಗೆ ಎಚ್ಚೆತ್ತುಕೊಳ್ಳುತ್ತದೆ. ಅಲ್ಲಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ತಟ್ಟಿದಾಗ ಸ್ಟಾರ್ಟ್ ಆಯಿತೆಂದರೆ ಯೂನಿಟ್ ಕೆಡುತ್ತಿದೆ ಎಂದೇ ಅರ್ಥ. ದಾರಿಯಲ್ಲಿ ಮದ್ದೂರಲ್ಲಿ ಕಾಫಿಗೆಂದು ಆಫ್ ಮಾಡದೆ ನೇರ ಗ್ಯಾರೇಜಿಗೆ ಹೋಗಿ.

ಇನ್ನೊಂದು ಬಗೆಯಿದೆ. ಪಿನ್ ಹೊರಬಂದು ಸ್ಟೇರಿಂಗ್ ಸಲೀಸಾಗಿ ತಿರುಗುತ್ತದೆ, ಆದರೂ ಮೆಸೇಜ್ ಹೋಗುವುದಿಲ್ಲ. ಆಗ ಒಳಗಿನ ಸ್ವಿಚ್ ಅಥವಾ ಅದರ ವೈರಿಂಗ್ ಸುಳ್ಳು ಹೇಳುತ್ತಿದೆ. ಬಾಗಿಲು ಲಾಕ್ ಮಾಡಿ, ಕೀ ದೂರ ಒಯ್ದು ಹತ್ತು ನಿಮಿಷ ಬಿಟ್ಟರೆ ಕಂಪ್ಯೂಟರ್ ಮಲಗಿ ಎದ್ದು ಒಮ್ಮೊಮ್ಮೆ ಒಪ್ಪುತ್ತದೆ. ಒಪ್ಪದಿದ್ದರೆ ಡ್ರೈವರ್ ಕೈಯಲ್ಲಿ ಆಗುವುದು ಇಷ್ಟೇ. ಹೊಸ ಯೂನಿಟ್ ಹಾಕಿದರೂ ಸ್ಕ್ಯಾನರ್ ಹಚ್ಚಿ ಗಾಡಿಗೆ ಪರಿಚಯ ಮಾಡಿಸಬೇಕು, ಹಳೇ ಗಾಡಿಯಿಂದ ಬಿಚ್ಚಿ ತಂದದ್ದು ಹೆಚ್ಚಿನವುಗಳಲ್ಲಿ ಒಪ್ಪುವುದಿಲ್ಲ. ಅಗ್ಗದ ಸ್ಕ್ಯಾನರುಗಳು ಹೆಚ್ಚಾಗಿ ಇಂಜಿನ್ನಿನ ದೋಷದ ಕೋಡ್ ಮಾತ್ರ ಓದುತ್ತವೆ, ಇಲ್ಲಿ ಬೇಕಾದದ್ದು ಲಾಕು, ಬಾಗಿಲುಗಳನ್ನು ನೋಡಿಕೊಳ್ಳುವ ಬಾಡಿ ಮಾಡ್ಯೂಲಿನ, B ಅಕ್ಷರದಿಂದ ಶುರುವಾಗುವ ಕೋಡ್.

ಲಾಕ್ ಬಿದ್ದ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಬೇಡಿ, ಚಕ್ರ ತಿರುಗಿದ್ದರೆ ಅದು ಹಳ್ಳಕ್ಕೇ ಹೋಗುತ್ತದೆ. ಗಾಡಿಯನ್ನು ಹೇರಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿ ಕರೆಸಿ, ಕರೆಯುವಾಗಲೇ ಸ್ಟೇರಿಂಗ್ ಲಾಕ್ ಆಗಿದೆ, ಚಕ್ರ ಇಂಥ ಕಡೆಗೆ ತಿರುಗಿದೆ ಎಂದು ಹೇಳಿದರೆ ಚಕ್ರದ ಅಡಿಗಿಡುವ ಟ್ರಾಲಿ ತರುತ್ತಾರೆ.