ಒಂಬತ್ತೂವರೆ ಮೀಟಿಂಗ್ ಹನ್ನೊಂದಕ್ಕೆ ಹೋದ ಮೇಲೆ

ನಮ್ಮ ಆಫೀಸು ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ, ಮಾರತ್ತಹಳ್ಳಿ ಹತ್ತಿರ. ತಂಡ ನೋಡಿಕೊಳ್ಳುವುದು ನನ್ನ ಕೆಲಸ. ಟೆಸ್ಟಿಂಗ್ ಮಾಡುವವರೊಬ್ಬರು ಕೆಂಗೇರಿಯಿಂದ ಬರುತ್ತಾರೆ. ಕೋಡ್ ಬರೆಯುವ ಹುಡುಗನ ಮನೆ ಇಲ್ಲೇ, ನಡೆದೇ ಬರುತ್ತಾನೆ. ಇವರಿಬ್ಬರಿಗೂ ದಿನಾ ಜಟಾಪಟಿ.

ಕೆಂಗೇರಿಯಿಂದ ಕೆ.ಆರ್.ಪುರಕ್ಕೆ 2023ರ ಅಕ್ಟೋಬರಿನಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಎಲ್ಲೂ ಇಳಿಯದೆ ಬರಬಹುದು. ದೂರವೇನೋ ಹೌದು, ಆದರೆ ಎಷ್ಟು ಹೊತ್ತಿಗೆ ತಲುಪುತ್ತೇವೆ ಅಂತ ಗೊತ್ತಿರುತ್ತದೆ. ತಲೆನೋವು ಶುರುವಾಗುವುದು ಮೆಟ್ರೊ ಇಳಿದ ಮೇಲೆ. ಅಲ್ಲಿಂದ ಆಫೀಸಿಗೆ ಬರುವ ಬಸ್ಸು ಮಹದೇವಪುರ, ದೊಡ್ಡನೆಕ್ಕುಂದಿ ದಾಟಲು ಒಂದು ದಿನ 20 ನಿಮಿಷ, ಮಳೆ ಬಂದ ದಿನ ಒಂದು ಗಂಟೆ. ಮನುಷ್ಯರನ್ನು ಹಿಂಡುವುದು ಆ ಕೊನೆಯ ತುಂಡೇ.

ಅವರು ಬ್ಯಾಗು ಇಳಿಸುವ ಮೊದಲೇ ಒಂಬತ್ತೂವರೆ ಮೀಟಿಂಗ್ ಶುರುವಾಗಿರುತ್ತಿತ್ತು. "ಆ ಬಗ್ ಯಾಕೆ ಮತ್ತೆ ಓಪನ್ ಮಾಡಿದ್ರಿ?" ಅಂತ ಇವನು. "ಮೊದ್ಲು ಕೂತ್ಕೊಳ್ಳೋಕೆ ಬಿಡಿ" ಅಂತ ಅವರು. ಇದು ಸ್ವಭಾವದ ವಿಷಯ ಇರಲಿಕ್ಕಿಲ್ಲ ಅನಿಸಿ, ಬಗ್ ಪಟ್ಟಿಯಲ್ಲಿ ಅವರು ಬರೆದ ಕಾಮೆಂಟುಗಳ ಸಮಯ ನೋಡಿದೆ. ಬೆಳಿಗ್ಗೆ ಬಂದ ಕೂಡಲೇ ಬರೆದದ್ದು: "ಸರಿಹೋಗಿಲ್ಲ. ನೋಡಿ." ಮಧ್ಯಾಹ್ನ ಬರೆದದ್ದರಲ್ಲಿ ಸ್ಕ್ರೀನ್‌ಶಾಟ್, ಯಾವ ಬಟನ್ ಒತ್ತಿದರೆ ಏನಾಗುತ್ತದೆ, ಎಲ್ಲ ಇರುತ್ತಿತ್ತು.

ಮೀಟಿಂಗ್ ಹನ್ನೊಂದಕ್ಕೆ ಹಾಕಿದೆ. ಅಲ್ಲಿಯವರೆಗೆ ಯಾರನ್ನೂ ಬಾಯಲ್ಲಿ ಕೇಳುವಂತಿಲ್ಲ, ಕೇಳುವುದಿದ್ದರೆ ಆ ಬಗ್ ಕೆಳಗೇ ಬರೆಯಬೇಕು. ಬಸ್ಸಿನಿಂದ ಫೋನಿನಲ್ಲಿ ಮೀಟಿಂಗಿಗೆ ಸೇರುವುದನ್ನೂ ನಿಲ್ಲಿಸಿದೆ. ಹಾರ್ನ್ ಸದ್ದಿನಲ್ಲಿ ಅರ್ಧ ಕೇಳಿಸಿಕೊಂಡು ಉತ್ತರ ಕೊಟ್ಟರೆ ಜಗಳ ಜಾಸ್ತಿಯೇ ಆಗುತ್ತದೆ, ಅಲ್ವಾ? ಕ್ಲೈಂಟ್ ಜೊತೆಗಿನ ಮಂಗಳವಾರದ ಕಾಲ್ ಮಾತ್ರ ಒಂಬತ್ತೂವರೆಯಿಂದ ಅಲ್ಲಾಡಲಿಲ್ಲ. ಆ ದಿನ ಅವರಿಗೆ ಮನೆಯಿಂದಲೇ ಕೆಲಸ.

ಸಂಜೆಯದು ಬೇರೆ ಕಥೆ. ಅವರು ನಾಲ್ಕೂವರೆಗೆ ಹೊರಟರೆ "ಆಗ್ಲೇ ಹೊರಟ್ರಾ ಮೇಡಂ?" ಅನ್ನುವ ಕೊಂಕು. ಈಗ ಹೊರಡುವ ಮೊದಲು ಏನು ಮುಗಿಯಿತು, ಏನು ಉಳಿಯಿತು, ಯಾರಿಂದ ಏನು ಬೇಕು ಅಂತ ಮೂರು ಸಾಲು ಗುಂಪಿಗೆ ಹಾಕುತ್ತಾರೆ. ಉಳಿದ ಕೆಲಸ ಮನೆ ತಲುಪಿದ ಮೇಲೆ. ಕೊಂಕು ತಾನಾಗಿಯೇ ನಿಂತಿತು. ಕಷ್ಟವಾದದ್ದು ಎಚ್‌ಆರ್‌ನವರನ್ನು ಒಪ್ಪಿಸುವುದು. ಬಾಗಿಲಲ್ಲಿ ಕಾರ್ಡ್ ಉಜ್ಜಿದ ಗಂಟೆಯೇ ಅವರಿಗೆ ಹಾಜರಿ. ಮನೆಯ ಲಾಗಿನ್ ಕೂಡ ಲೆಕ್ಕಕ್ಕೆ ಬರಲು ಮೇಲಿನವರ ಮೇಲ್ ತರಬೇಕಾಯಿತು.

ಆದರೆ ಹೊರೆ ಈಗ ಹುಡುಗನ ಕಡೆ ವಾಲಿದೆ. "ಹತ್ತಿರ ಇರಲಿ ಅಂತ ಜಾಸ್ತಿ ಬಾಡಿಗೆ ಕೊಡ್ತೀನಿ ಸರ್, ಬೆಳಗಿನ ತುರ್ತು ಕೆಲಸ ಎಲ್ಲ ನನ್ನ ತಲೆಗೇ" ಅಂದ. ಮಾತು ನಿಜ. ರಾತ್ರಿ ಮಾಡುತ್ತಿದ್ದ ರಿಲೀಸನ್ನು ಮಧ್ಯಾಹ್ನ ಎರಡಕ್ಕೆ ತಂದಿದ್ದೇನೆ. ಏನಾದರೂ ಕೆಟ್ಟರೆ ಆಗ ಇಬ್ಬರೂ ಸೀಟಿನಲ್ಲಿರುತ್ತಾರೆ.