ಸಂಬಳದ ಕಟ್‌ಆಫ್ ತಾರೀಖನ್ನು ಹಿಂದಿನಿಂದ ಎಣಿಸಿ

ಪೇರೋಲ್ ನೋಡಿಕೊಳ್ಳುವವರಿಗೆ ಒಂದು ಸಲಹೆ. "ಪ್ರತಿ ತಿಂಗಳು 25ಕ್ಕೆ ಕಟ್‌ಆಫ್" ಅಂತ ಸುಮ್ನೆ ಒಂದೇ ತಾರೀಖು ಇಡಬೇಡಿ. ಬ್ಯಾಂಕಿಗೆ ಫೈಲ್ ಹಾಕುವ ದಿನದಿಂದ ಹಿಂದಕ್ಕೆ ಎಣಿಸಿ, ಕೆಲಸದ ದಿನಗಳನ್ನು ಮಾತ್ರ.

2026ರ ಜನವರಿಯನ್ನೇ ನೋಡಿ. 24 ನಾಲ್ಕನೇ ಶನಿವಾರ, 25 ಭಾನುವಾರ, 26 ಗಣರಾಜ್ಯೋತ್ಸವ. ಆ ತಿಂಗಳು 25ಕ್ಕೆ ಅಪ್ರೂವಲ್ ಕೇಳಿದರೆ ಮ್ಯಾನೇಜರ್ ನೋಡುವುದೇ 27ಕ್ಕೆ. ಹಾಜರಿಯನ್ನು 21ರಿಂದ 20ರವರೆಗೆ ಲೆಕ್ಕ ಹಾಕುವ ಕಂಪನಿಯಾದರೆ ಹೀಗೆ ಇಡಬಹುದು: ಟೈಮ್‌ಶೀಟ್ 21ಕ್ಕೆ, ಅಪ್ರೂವಲ್ 23ಕ್ಕೆ, ತಿದ್ದುಪಡಿ 27ರ ಸಂಜೆಯೊಳಗೆ. 28, 29 ಲೆಕ್ಕಕ್ಕೆ ಮತ್ತು ಪರಿಶೀಲನೆಗೆ. 30ಕ್ಕೆ ಬ್ಯಾಂಕ್ ಫೈಲ್, 31ಕ್ಕೆ ಸಂಬಳ.

ಅಪ್ರೂವಲ್ ಆದ ಮೇಲೆ ತಿದ್ದುಪಡಿಗೆ ಬೇರೆ ಸಮಯ ಇರಲೇಬೇಕು. 23ರ ಸಂಜೆಯೇ ಪ್ರತಿಯೊಬ್ಬರಿಗೂ ಮೂರೇ ಅಂಕಿ ಕಳಿಸಿ: ಹಾಜರಿ ದಿನ, ಸಂಬಳ ಕಡಿತದ ರಜೆ, ಓಟಿ ಗಂಟೆ. ತಪ್ಪುಗಳು ಜಾಸ್ತಿ ಸಿಗುವುದು ಇಲ್ಲೇ. ಪೇಸ್ಲಿಪ್ ಬಂದ ಮೇಲೆ ಗೊತ್ತಾದರೆ ತಡವಾಯಿತು ಅಲ್ವಾ?

ಮ್ಯಾನೇಜರ್ ಅಪ್ರೂವ್ ಮಾಡಲಿಲ್ಲ ಅಂತ ನೌಕರರಿಗೆ ಗೈರುಹಾಜರಿ ಹಾಕಬೇಡಿ. ಅನೇಕ ಸಾಫ್ಟ್‌ವೇರ್‌ಗಳಲ್ಲಿ ಅಪ್ರೂವ್ ಆಗದ ದಿನ ತಾನಾಗಿಯೇ ಸಂಬಳ ಕಡಿತಕ್ಕೆ ಹೋಗುವಂತೆ ಸೆಟ್ಟಿಂಗ್ ಇರುತ್ತದೆ, ಅದನ್ನು ಮೊದಲು ನೋಡಿ. ಪಂಚ್ ಇದ್ದರೆ ಆ ದಿನದ ಸಂಬಳ ಪೂರ್ತಿ ಕೊಡಿ. ತಕರಾರಿರುವ ಓಟಿಯನ್ನಷ್ಟೇ ಮುಂದಿನ ತಿಂಗಳ ಅರಿಯರ್ಸ್‌ಗೆ ಹಾಕಿ, ಯಾವ ದಿನದ್ದು ಅಂತ ಪೇಸ್ಲಿಪ್‌ನಲ್ಲಿ ಬರೆಯಿರಿ. ಆದರೆ ಹಲವು ದಿನಗಳ ಸಂಬಳ ತಪ್ಪಾಗಿ ಕಡಿತವಾಗಿದ್ದರೆ ಮುಂದಿನ ಸಂಬಳದವರೆಗೆ ಕಾಯಿಸಬೇಡಿ, 7ನೇ ತಾರೀಖಿನೊಳಗೆ ಬೇರೆಯಾಗಿ ಪಾವತಿ ಮಾಡಿ.