ಕಾಕೂ ಮಾತಿನ ಬೆನ್ನು ಹತ್ತಿ: ಮರಾಠಿ ಲಯಕ್ಕೆ ಶ್ಯಾಡೋಯಿಂಗ್ ಮಾಡುವುದು ಹೇಗೆ

ಪುಣೆಗೆ ಬಂದು ಆರು ವರ್ಷವಾದರೂ ಮರಾಠಿಯಲ್ಲಿ ಎರಡು ವಾಕ್ಯ ಆಡಿದ ಕೂಡಲೇ ಎದುರಿನವರು ‘ತುಮ್ಹೀ ಕುಠ್ಲೇ?’ ಎಂದು ಕೇಳುತ್ತಿದ್ದರು. ಎಲ್ಲಿಯವರು ನೀವು ಅಂತ. ನನ್ನ ಪದಗಳು ಸರಿ ಇದ್ದವು, ವ್ಯಾಕರಣವೂ ಹೆಚ್ಚುಕಡಿಮೆ ಸರಿ ಇತ್ತು. ಹಿಂದಿಯವರು ಒದ್ದಾಡುವ ಳಕಾರ ನಮಗೆ ಹುಟ್ಟಿನಿಂದಲೇ ಬರುತ್ತದೆ. ಆದರೂ ಸಿಕ್ಕಿಬೀಳುತ್ತಿದ್ದೆ. ಎಲ್ಲಿ ಅಂತ ಗೊತ್ತಾಗಿದ್ದು ಪಕ್ಕದ ಮನೆಯ ಕಾಕೂ, ಅಂದರೆ ನಮ್ಮ ಲೆಕ್ಕದಲ್ಲಿ ಚಿಕ್ಕಮ್ಮ, ಹೇಳಿದ ಒಂದೇ ಒಂದು ವಾಕ್ಯದಿಂದ.

‘ಅಹೋ, ಆಜ್ ಪಾಣೀ ಲವ್ಕರ್ ಜಾಣಾರೇ, ಭರೂನ್ ಠೇವಾ.’ ಇವತ್ತು ನೀರು ಬೇಗ ಹೋಗುತ್ತೆ, ತುಂಬಿಟ್ಟುಕೊಳ್ಳಿ ಎಂದರ್ಥ. ಇದನ್ನೇ ನಾನು ಹೇಳುತ್ತಿದ್ದುದು ಹೀಗೆ: ‘ಆಜ ಪಾಣೀ ಲವಕರ ಜಾಣಾರ ಆಹೇ, ಭರೂನ ಠೇವಾ.’ ‘ಅಹೋ’ ಬಿಟ್ಟು ಬೆರಳಿನಿಂದ ಮೇಜು ತಟ್ಟುತ್ತಾ ಉಚ್ಚಾರದ ತುಂಡುಗಳನ್ನು ಎಣಿಸಿ. ಕಾಕೂಗೆ ಹನ್ನೆರಡು ತಟ್ಟು, ನನಗೆ ಹದಿನೆಂಟು. ಅವರು ‘ಲವ್-ಕರ್’ ಎಂದು ಎರಡೇ ತಟ್ಟಿನಲ್ಲಿ ಮುಗಿಸುವುದನ್ನು ನಾನು ‘ಲ-ವ-ಕ-ರ’ ಎಂದು ನಾಲ್ಕಕ್ಕೆ ಎಳೆಯುತ್ತಿದ್ದೆ. ‘ಜಾಣಾರ್ ಆಹೇ’ ಅವರ ಬಾಯಲ್ಲಿ ಕರಗಿ ‘ಜಾಣಾರೇ’ ಆಗಿತ್ತು.

ಇದು ನಮ್ಮ ಹಳೆಯ ಚಾಳಿ. ಬಸ್ಸು, ಕಾರು, ಬುಕ್ಕು ಎಂದು ಎಲ್ಲ ಪದದ ಕೊನೆಗೂ ಒಂದು ಸ್ವರ ಕೂಡಿಸಿಕೊಳ್ಳುವವರು ನಾವು. ಮರಾಠಿಯಲ್ಲಿ ಪದದ ಕೊನೆಯ ಅಕಾರ ಸಾಮಾನ್ಯವಾಗಿ ಬಿದ್ದು ಹೋಗುತ್ತದೆ, ಎಷ್ಟೋ ಸಲ ನಡುವಿನದೂ ಬೀಳುತ್ತದೆ. ಆದರೆ ದೇವನಾಗರಿಯಲ್ಲಿ ಬರೆದಾಗ ಅದು ಬಿದ್ದದ್ದು ಕಾಣುವುದಿಲ್ಲ. ನಾವು ಕನ್ನಡ ಓದಿದ ಹಾಗೆ ಅಕ್ಷರ ಅಕ್ಷರ ಓದಿಬಿಡುತ್ತೇವೆ. ಈ ಚಾಳಿಯನ್ನು ನಿಯಮ ಬಾಯಿಪಾಠ ಮಾಡಿ ಬಿಡಿಸುವುದು ಕಷ್ಟ, ಯಾಕೆಂದರೆ ಮಾತಾಡುವಾಗ ನಿಯಮ ನೆನಪಿಸಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಶ್ಯಾಡೋಯಿಂಗ್ ಕೆಲಸಕ್ಕೆ ಬರುವುದು ಇಲ್ಲೇ.

ಶ್ಯಾಡೋಯಿಂಗ್ ಅಂದರೆ ಧ್ವನಿ ಓಡುತ್ತಿರುವಾಗಲೇ, ಅದನ್ನು ನಿಲ್ಲಿಸದೆ, ನೆರಳಿನಂತೆ ಸ್ವಲ್ಪ ಹಿಂದೆ ಹಿಂದೆ ಅದನ್ನೇ ಹೇಳುತ್ತಾ ಹೋಗುವುದು. ಕೇಳಿ, ನಿಲ್ಲಿಸಿ, ಆಮೇಲೆ ಹೇಳುವುದು ಬೇರೆ. ನಿಲ್ಲಿಸಿದ ಆ ಗಳಿಗೆಯಲ್ಲಿ ನಮ್ಮ ಕನ್ನಡದ ಲಯ ಮತ್ತೆ ಬಂದು ಕೂತುಬಿಡುತ್ತದೆ. ಒಂದೇ ಉಸಿರಿಗೆ ಹಿಂಬಾಲಿಸಿದರೆ ಆರು ತಟ್ಟು ಜಾಸ್ತಿ ಹಾಕಲು ಜಾಗವೇ ಇರುವುದಿಲ್ಲ. ಎಷ್ಟು ಹತ್ತಿರ ಹಿಂಬಾಲಿಸಬಹುದು? 1973ರಲ್ಲಿ ವಿಲಿಯಂ ಮಾರ್ಸ್ಲನ್-ವಿಲ್ಸನ್ ನೇಚರ್ ಪತ್ರಿಕೆಯಲ್ಲಿ ಬರೆದ ಪ್ರಯೋಗದಲ್ಲಿ ಕೆಲವರು ಬರೀ ಕಾಲು ಸೆಕೆಂಡು ಹಿಂದೆ ಉಳಿದು ಹೇಳುತ್ತಿದ್ದರು. ಅದು ಅವರ ಸ್ವಂತ ಭಾಷೆಯಲ್ಲಿ. ಕಲಿಯುವವರು ಒಂದೆರಡು ಪದ ಹಿಂದೆ ಉಳಿದರೂ ನಡೆಯುತ್ತದೆ.

ಮೊದಲು ತುಣುಕು. ಹತ್ತರಿಂದ ಹದಿನೈದು ಸೆಕೆಂಡು ಸಾಕು. ಒಬ್ಬರೇ ಮಾತಾಡಿರಬೇಕು, ಹಿಂದೆ ಸಂಗೀತ ಇರಬಾರದು, ಅರ್ಥ ಮೊದಲೇ ಗೊತ್ತಿರಬೇಕು. ರೈಲ್ವೆ ಪ್ಲಾಟ್‌ಫಾರ್ಮಿನ ಘೋಷಣೆ ಸುಲಭವಾಗಿ ಸಿಗುತ್ತದೆ, ಆದರೆ ಬೇಡ. ಅದರಲ್ಲಿ ಊರಿನ ಹೆಸರು, ನಂಬರು ಎಲ್ಲ ಬಿಡಿಬಿಡಿಯಾಗಿ ಜೋಡಿಸಿರುತ್ತಾರೆ, ಧಾಟಿ ಮಧ್ಯೆ ಮಧ್ಯೆ ಮುರಿದಿರುತ್ತದೆ. ರೇಡಿಯೋ ವಾರ್ತೆಯೂ ಅಷ್ಟೆ. ತರಕಾರಿ ಅಂಗಡಿಯಲ್ಲಿ ವಾರ್ತೆ ಓದಿದ ಹಾಗೆ ಕೊತ್ತಂಬರಿ ಕೇಳಬೇಕಾಗುತ್ತದೆ. ಸಂದರ್ಶನದ ಮಾತು ಒಳ್ಳೆಯದು. ನಾನಂತೂ ಕಾಕೂ ಅವರನ್ನೇ ಕೇಳಿ, ಅವರು ಒಪ್ಪಿದ ಮೇಲೆ ನೀರಿನ ಮಾತನ್ನೇ ಮತ್ತೊಮ್ಮೆ ಹೇಳಿಸಿ, ಹಿಂದೆ ಮುಂದೆ ನಾಲ್ಕು ಮಾತು ಸೇರಿಸಿ ಫೋನಿನಲ್ಲಿ ಹಿಡಿದುಕೊಂಡೆ. ವಿಎಲ್‌ಸಿಯಂಥ ಪ್ಲೇಯರಿನಲ್ಲಿ ಇಲ್ಲಿಂದ ಇಲ್ಲಿಯವರೆಗೆ ಎಂದು ಗುರುತು ಹಾಕಿದರೆ ಅಷ್ಟೇ ಭಾಗ ಸುತ್ತುತ್ತಾ ಇರುತ್ತದೆ.

ಮೊದಲ ನಾಲ್ಕೈದು ಸಲ ಸುಮ್ನೆ ಕೇಳಿ. ಬಾಯಿ ತೆರೆಯಬೇಡಿ, ಬೆರಳು ಮಾತ್ರ ತಟ್ಟಲಿ. ತಟ್ಟಿನ ಲೆಕ್ಕ ಪ್ರತಿ ಸಲವೂ ಒಂದೇ ಬರುವವರೆಗೆ ಮುಂದೆ ಹೋಗಬೇಡಿ.

ಆಮೇಲೆ ಬಾಯಿ ಮುಚ್ಚಿಕೊಂಡು ‘ಮ್ ಮ್’ ಎಂದು ಗುನುಗುತ್ತಾ ಹಿಂಬಾಲಿಸಿ. ಪದಗಳೇ ಇಲ್ಲದ್ದರಿಂದ ಏರಿಳಿತ ಮಾತ್ರ ಉಳಿಯುತ್ತದೆ. ನಾಚಿಕೆಯಾಗುತ್ತದೆ ನಿಜ, ನನ್ನ ಮಗಳು ಬಾಗಿಲು ಹಾಕಿಕೊಂಡು ಹೋದಳು. ಆದರೆ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದೇ ಹಂತ. ಕಾಕೂ ‘ಲವ್ಕರ್’ ಮೇಲೆ ಧ್ವನಿ ಎತ್ತಿ, ‘ಜಾಣಾರೇ’ಗೆ ಸರ್ರನೆ ಇಳಿಸಿ, ‘ಭರೂನ್’ಗೆ ಮತ್ತೆ ಸ್ವಲ್ಪ ಏರಿಸಿದ್ದರು. ನನ್ನ ಗುನುಗು ಮೊದಲಿನಿಂದ ಕೊನೆಯವರೆಗೆ ಒಂದೇ ಮಟ್ಟದಲ್ಲಿ ಹೋಗುತ್ತಿತ್ತು.

ಗುನುಗು ಹೊಂದಿದ ಮೇಲೆ ಪದಗಳನ್ನು ಸೇರಿಸಿ, ಆದರೆ ಗೊಣಗಿದಷ್ಟು ಸಣ್ಣ ಧ್ವನಿಯಲ್ಲಿ. ಜೋರಾಗಿ ಹೇಳಿದರೆ ನಮ್ಮ ಧ್ವನಿಯೇ ಮೂಲವನ್ನು ಮುಚ್ಚಿಬಿಡುತ್ತದೆ. ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳಿ, ಇನ್ನೊಂದು ಕಿವಿ ನಿಮ್ಮ ಮಾತಿಗಿರಲಿ. ಎಡವಿದ ಪದವನ್ನು ಬಿಟ್ಟು ಮುಂದಿನದನ್ನು ಹಿಡಿಯಿರಿ, ಹಿಂದಕ್ಕೆ ಹೋಗಬೇಡಿ. ಒಂದೇ ಜಾಗದಲ್ಲಿ ಮೂರು ಸಲ ಎಡವಿದರೆ ಮಾತ್ರ ವೇಗವನ್ನು 0.75ಕ್ಕೆ ಇಳಿಸಿ ಕೇಳಿ. ಅದಕ್ಕಿಂತ ಕೆಳಗೆ ಹೋದರೆ ಸ್ವರಗಳೆಲ್ಲ ಜಗ್ಗಿ, ಯಾವ ಲಯ ಕಲಿಯಲು ಕೂತೆವೋ ಅದೇ ಹಾಳಾಗುತ್ತದೆ.

ಕಾಗದ ಬರುವುದು ಈಗ, ಅದೂ ಕನ್ನಡ ಲಿಪಿಯಲ್ಲಿ. ಅರ್ಧಾಕ್ಷರಗಳನ್ನು ಕೇಳಿಸಿದ ಹಾಗೇ ಬರೆದುಕೊಳ್ಳಿ: ಲವ್ಕರ್, ಭರೂನ್. ದೇವನಾಗರಿ ಬಚ್ಚಿಟ್ಟದ್ದನ್ನು ನಮ್ಮ ಒತ್ತು ಮತ್ತು ‘್’ ತೋರಿಸಿಕೊಡುತ್ತವೆ. ಧ್ವನಿ ಏರುವ ಕಡೆ ಮೇಲೆ ಒಂದು ಗೀಟು ಎಳೆಯಿರಿ. ಅದನ್ನು ನೋಡುತ್ತಾ ನಾಲ್ಕು ಸಲ ಹಿಂಬಾಲಿಸಿ, ಆಮೇಲೆ ಕಾಗದ ಮಗುಚಿಟ್ಟು ಪೂರ್ತಿ ಧ್ವನಿಯಲ್ಲಿ ಹೇಳಿ.

ದಿನಕ್ಕೆ ಹತ್ತು ನಿಮಿಷ, ಒಂದು ತುಣುಕಿಗೆ ಮೂರು ನಾಲ್ಕು ದಿನ. ಅದಕ್ಕಿಂತ ಹೆಚ್ಚು ದಿನ ಮಾಡಿದರೆ ಬೇರೆ ತೊಂದರೆ ಶುರುವಾಗುತ್ತದೆ. ತುಣುಕು ಬಾಯಿಪಾಠವಾಗಿ, ಕಾಕೂ ಹೇಳುವ ಮೊದಲೇ ನೀವು ಹೇಳಿರುತ್ತೀರಿ. ನೆರಳು ಮುಂದೆ ಹೋಯಿತು ಅಂದರೆ ಕಿವಿ ಮುಚ್ಚಿದೆ ಅಂತಲೇ ಅರ್ಥ. ತುಣುಕು ಬದಲಿಸಿ.

ಕೊನೆಯ ದಿನ ರೆಕಾರ್ಡ್ ಮಾಡಿಕೊಳ್ಳಿ. ಒಂದು ಫೋನಿನಲ್ಲಿ ಕೇಳುತ್ತಾ ಇನ್ನೊಂದರಲ್ಲಿ ಹಿಡಿಯುವುದು ಸಲೀಸು. ಬ್ಲೂಟೂತ್ ಇಯರ್‌ಫೋನಿನ ಮೈಕಿನಲ್ಲೇ ಹಿಡಿಯಲು ಹೋದರೆ ಅದು ಕರೆಯ ಮೋಡ್‌ಗೆ ಹೊರಳಿ, ಕೇಳುವ ಧ್ವನಿಯೂ ಮಂಕಾಗುತ್ತದೆ. ಮೂಲ ಒಮ್ಮೆ, ನಿಮ್ಮದು ಒಮ್ಮೆ ಹಾಕಿ, ಎರಡಕ್ಕೂ ತಟ್ಟಿ ನೋಡಿ. ಮೊದಲ ವಾರ ನನ್ನದು ಹದಿನೆಂಟರಿಂದ ಹದಿನಾಲ್ಕಕ್ಕೆ ಇಳಿಯಿತು. ‘ಆಜ’ ಮತ್ತು ‘ಭರೂನ’ ಮಾತ್ರ ಹಟ ಹಿಡಿದು ಉಳಿದವು.

ಇದರಿಂದ ಆಗದ ಕೆಲಸಗಳೂ ಇವೆ. ‘ಜಾಣಾರ್’ನ ಜ ನಮ್ಮ ಜ ಅಲ್ಲ, ನಾಲಿಗೆ ಹಲ್ಲಿನ ಹತ್ತಿರ ಹೋಗಿ ‘ದ್ಸ’ದ ಹತ್ತಿರ ಬರುವ ಸದ್ದು. ಕಿವಿಗೆ ಆ ವ್ಯತ್ಯಾಸ ಗೊತ್ತಾಗದಿದ್ದರೆ ನೂರು ಸಲ ಹಿಂಬಾಲಿಸಿದರೂ ಬರುವುದಿಲ್ಲ. ಅದನ್ನು ಬಿಡಿಯಾಗಿ ಯಾರಿಂದಾದರೂ ತಿದ್ದಿಸಿಕೊಳ್ಳಬೇಕು.

ಇನ್ನೊಂದು ಗಂಡಸರಿಗೆ. ಮರಾಠಿಯಲ್ಲಿ ಹೆಂಗಸರು ‘ಮೀ ಜಾತೇ’ ಅನ್ನುತ್ತಾರೆ, ಗಂಡಸರು ‘ಮೀ ಜಾತೋ’. ಎರಡನೇ ತುಣುಕಿನಲ್ಲಿ ಕಾಕೂ ತಾವು ಮಂಡಈಗೆ, ಅಂದರೆ ತರಕಾರಿ ಮಾರುಕಟ್ಟೆಗೆ, ಹೋಗುವ ಕಥೆ ಹೇಳಿದ್ದರು. ನಾನು ನಾಲ್ಕು ದಿನ ನಿಷ್ಠೆಯಿಂದ ಹಿಂಬಾಲಿಸಿ, ಐದನೇ ದಿನ ಲಿಫ್ಟಿನಲ್ಲಿ ಕಾಕೂ ಅವರ ಯಜಮಾನರು ಕಾಕಾ ಎದುರು ತಪ್ಪಿಲ್ಲದ ಲಯದಲ್ಲಿ ‘ಮೀ ಮಂಡಈತ್ ಜಾತೇ’ ಅಂದೆ. ಅವತ್ತು ಮಾತ್ರ ಯಾರೂ ನನ್ನ ಊರು ಕೇಳಲಿಲ್ಲ. ಮೂರನೇ ತುಣುಕನ್ನು ಕಾಕಾ ಹತ್ತಿರ ಹೇಳಿಸಿಕೊಂಡೆ.